ಪಟಿಕ ಹಾಕಿದರೂ ಬಾವಿಯ ಕೆಂಪು ನೀರು ತಿಳಿಯಾಗದಿದ್ದರೆ: ದೋಷ ಹುಡುಕುವ ಬಗೆ

ಆರಿದ್ರಾ ಮಳೆ ಜೋರು ಹಿಡಿಯಿತು ಅಂದರೆ ನಮ್ಮ ಕಾರವಾರ, ಅಂಕೋಲಾ, ಕುಮಟಾ ಕಡೆಯ ಎಷ್ಟೋ ಬಾವಿಗಳ ನೀರು ಕೆಂಪಾಗುತ್ತದೆ. ಚಿರೆಕಲ್ಲಿನ ಮಣ್ಣು ತೊಳೆದು ಬರುತ್ತದೆ. ಮನೆಯವರು ಪೇಟೆಯಿಂದ ಪಟಿಕ ತಂದು ಹಾಕುತ್ತಾರೆ. ಹೆಚ್ಚಿನ ಸಲ ಬೆಳಗಾಗುವುದರೊಳಗೆ ನೀರು ತಿಳಿಯಾಗುತ್ತದೆ. ಕೆಲವು ಸಲ ಆಗುವುದಿಲ್ಲ. ಆಗ ಎಲ್ಲರ ಬಾಯಲ್ಲೂ ಒಂದೇ ಮಾತು, "ಈ ಸಲದ ಪಟಿಕವೇ ಸುಳ್ಳು."

ಪಟಿಕ ಸುಳ್ಳಾಗುವುದು ಬಹಳ ಅಪರೂಪ. ದೋಷ ಸಾಮಾನ್ಯವಾಗಿ ಪ್ರಮಾಣದಲ್ಲಿ ಅಥವಾ ನೀರಿನಲ್ಲಿ ಇರುತ್ತದೆ. ಯಾವುದರಲ್ಲಿ ಎಂದು ನಾಲ್ಕು ಬಾಟಲಿ, ಸೂಜಿ ಇಲ್ಲದ 5 ಮಿಲೀ ಸಿರಿಂಜು, ಸ್ವಲ್ಪ ಉಪ್ಪು ಇದ್ದರೆ ಮನೆಯಲ್ಲೇ ಕಂಡುಹಿಡಿಯಬಹುದು. ಜೊತೆಗೆ ಪಿಎಚ್ ಕಾಗದದ ಒಂದು ಪುಸ್ತಕ ಇದ್ದರೆ ಇನ್ನೂ ಒಳ್ಳೆಯದು.

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿದ್ದು ಅಂಕೋಲಾ ಹತ್ತಿರದ ನಮ್ಮ ಅಕ್ಕನ ಮನೆಯ ಬಾವಿ. ರಿಂಗ್ ಬಾವಿ, ಅಡ್ಡಗಲ 2 ಮೀಟರ್. ಮಳೆಗಾಲದಲ್ಲಿ ನೀರು 3 ಮೀಟರ್ ನಿಲ್ಲುತ್ತದೆ. ಅಂದರೆ ಸುಮಾರು 9,400 ಲೀಟರ್. ಮೇಲುಗಡೆ ರಸ್ತೆಗಾಗಿ ಧರೆ ಕಡಿದಿದ್ದರಿಂದ ಆ ವರ್ಷ ಬಾವಿಗೆ ಕೆಂಪು ನೀರು ಇಳಿಯಿತು. ಭಾವ ಒಂದು ಕಿಲೋ ಪಟಿಕ ಪುಡಿ ಮಾಡಿ ಬಾವಿಗೇ ಸುರಿದರು. ಎರಡು ದಿನ ಬಿಟ್ಟರೂ ನೀರು ಕೆಂಪಗೇ ಇತ್ತು. ಮೇಲಿಂದ ಬಾಯಿಗೆ ಒಗರು ಬೇರೆ.

ಮೊದಲು: ಇದು ಮಣ್ಣೇ ಹೌದಾ?

ಒಂದು ಗಾಜಿನ ಬಾಟಲಿ ತುಂಬಿ ಒಂದು ರಾತ್ರಿ ಅಲುಗಾಡಿಸದೆ ಇಡಿ. ನೀರು ಸೇದುವಾಗ ತಿಳಿ ಇದ್ದು, ಇಟ್ಟ ಮೇಲೆ ಕೆಂಪಾದರೆ ಅದು ಕರಗಿದ ಕಬ್ಬಿಣ. ಗಾಳಿ ತಾಗಿದ ಮೇಲೆ ತುಕ್ಕಿನ ಬಣ್ಣ ತಾಳುತ್ತದೆ. ಅದಕ್ಕೆ ಪಟಿಕ ಮದ್ದಲ್ಲ. ಎತ್ತರದಿಂದ ಸುರಿದು ಗಾಳಿ ತಾಗಿಸಿ, ಆಮೇಲೆ ಸೋಸಬೇಕು. ನೀರು ಹಳದಿ ಇದ್ದರೂ ಬಾಟಲಿಯ ಆಚೆ ಇಟ್ಟ ಪೇಪರಿನ ಅಕ್ಷರ ಸ್ಪಷ್ಟವಾಗಿ ಕಂಡರೆ ಅದು ಸೊಪ್ಪು ಕೊಳೆತ ಬಣ್ಣ. ಶಿರಸಿ ಕಡೆ ತೋಟದ ಬಾವಿಗಳಲ್ಲಿ ಇದು ಜಾಸ್ತಿ. ಅಕ್ಷರ ಕಾಣದಷ್ಟು ಮಬ್ಬಾಗಿದ್ದು, ಬೆಳಿಗ್ಗೆಯೂ ಹಾಗೆಯೇ ಇದ್ದರೆ ಅದು ಮಣ್ಣಿನ ಕಲಿಲ, ಅಂದರೆ ತೀರಾ ಸಣ್ಣ ಕಣಗಳು ಕೂರದೆ ನೀರಲ್ಲೇ ತೇಲುತ್ತಿರುವುದು. ಮುಂದಿನದೆಲ್ಲ ಇದರ ಬಗ್ಗೆ.

ಮಣ್ಣು ನೀರಿಗಿಂತ ಎರಡೂವರೆ ಪಟ್ಟು ಭಾರ. ಆದರೂ ಯಾಕೆ ಕೆಳಗೆ ಕೂರುವುದಿಲ್ಲ? ಕಣ ಅಷ್ಟು ಸಣ್ಣದು. ಮಿಲಿಮೀಟರಿನ ಸಾವಿರದಲ್ಲೊಂದು ಭಾಗದ ಕಣ ನಿಂತ ನೀರಲ್ಲಿ ಇಡೀ ದಿನಕ್ಕೆ ಸುಮಾರು 7 ಸೆಂಟಿಮೀಟರ್ ಇಳಿಯುತ್ತದೆ. ಅದರ ಹತ್ತನೇ ಒಂದು ಅಳತೆಯದು ದಿನಕ್ಕೆ ಒಂದು ಮಿಲಿಮೀಟರೂ ಇಳಿಯುವುದಿಲ್ಲ. ನೀರಿನ ಅಣುಗಳ ತಳ್ಳಾಟಕ್ಕೇ ಅದು ಅತ್ತಿತ್ತ ಓಲಾಡುತ್ತಿರುತ್ತದೆ. ಇಂಥ ನೂರಾರು ಕಣ ಒಂದಕ್ಕೊಂದು ಅಂಟಿ ದೊಡ್ಡ ಗರಣೆ ಆದರೆ ಮಾತ್ರ ಅದು ಗಸಿಯಾಗಿ ಕೂರುತ್ತದೆ.

ಅವು ತಾವಾಗಿ ಅಂಟುವುದಿಲ್ಲ, ಯಾಕೆಂದರೆ ಮಣ್ಣಿನ ಕಣದ ಮೈಮೇಲೆ ಋಣ ಚಾರ್ಜು ಇರುತ್ತದೆ. ಅದರ ಸುತ್ತ ನೀರಿನಲ್ಲಿರುವ ಧನ ಅಯಾನುಗಳು ಮೋಡದ ಹಾಗೆ ಕವಿದಿರುತ್ತವೆ. ಎರಡು ಕಣ ಹತ್ತಿರ ಬಂದರೆ ಮೊದಲು ಮೋಡಕ್ಕೆ ಮೋಡ ತಾಗಿ ದೂರ ತಳ್ಳಿಕೊಳ್ಳುತ್ತವೆ. ಕಣಕ್ಕೆ ಕಣವನ್ನು ಎಳೆಯುವ ಬಲವೂ ಇದೆ. ಆದರೆ ಅದು ತೀರಾ ಹತ್ತಿರ ಬಂದಾಗ ಮಾತ್ರ ಜೋರು. ಮೋಡ ತೆಳುವಾದರೆ ಎಳೆತ ಗೆಲ್ಲುತ್ತದೆ. ನೀರಿಗೆ ಉಪ್ಪಿನ ಜಾತಿಯದು ಏನೇ ಹಾಕಿದರೂ ಆಗುವುದು ಇದೇ: ಮೋಡ ತೆಳುವಾಗುತ್ತದೆ. ಎಷ್ಟು ಹಾಕಬೇಕು ಅನ್ನುವುದೇ ಪ್ರಶ್ನೆ.

ನಾಲ್ಕು ಬಾಟಲಿ ಪರೀಕ್ಷೆ

ಪಟಿಕ ಬಿದ್ದ ಬಾವಿಯ ನೀರು ಈ ಪರೀಕ್ಷೆಗೆ ಬರುವುದಿಲ್ಲ. ಹಸಿ ನೀರೇ ಬೇಕು. ನಾವು ಪಕ್ಕದ ಮನೆಯ ಬಾವಿಯಿಂದ ತಂದೆವು. ಅಲ್ಲಿಗೂ ಇದೇ ಧರೆಯ ಮಣ್ಣೇ ಇಳಿದಿತ್ತು.

ಎರಡು ದ್ರಾವಣ ಮೊದಲೇ ಮಾಡಿಟ್ಟುಕೊಳ್ಳಿ. ಒಂದು ಪಟಿಕದ್ದು: 10 ಗ್ರಾಂ ಪುಡಿ ಒಂದು ಲೀಟರ್ ತಿಳಿ ನೀರಿನಲ್ಲಿ. ಇದರ 1 ಮಿಲೀ ಅಂದರೆ 10 ಮಿಲಿಗ್ರಾಂ ಪಟಿಕ. ಇನ್ನೊಂದು ಜಿಪ್ಸಂದು. ಗೊಬ್ಬರದ ಅಂಗಡಿಯಲ್ಲಿ ಸಿಗುತ್ತದೆ. ಒಂದು ಹಿಡಿ ಜಿಪ್ಸಂ ಒಂದು ಲೀಟರ್ ನೀರಿಗೆ ಹಾಕಿ, ಆಗಾಗ ಕುಲುಕಿ, ಒಂದು ದಿನ ಬಿಟ್ಟು ಮೇಲಿನ ತಿಳಿ ಮಾತ್ರ ತೆಗೆಯಿರಿ. ಜಿಪ್ಸಂ ಲೀಟರಿಗೆ ಸುಮಾರು 2.4 ಗ್ರಾಂ ಮಾತ್ರ ಕರಗುತ್ತದೆ. ಹಾಗಾಗಿ ತೂಕ ಮಾಡದಿದ್ದರೂ ತಿಳಿಯಲ್ಲಿ ಎಷ್ಟಿದೆ ಎಂದು ಗೊತ್ತೇ ಇರುತ್ತದೆ. ಕ್ಯಾಲ್ಸಿಯಂ ಬೇಕಾದರೆ ಕವಳದ ಸುಣ್ಣ ಸಾಲದೇ ಎಂದು ಕೇಳಬಹುದು. ಈ ಪರೀಕ್ಷೆಗೆ ಅದು ಬೇಡ. ಸುಣ್ಣ ನೀರನ್ನು ಕ್ಷಾರ ಮಾಡುತ್ತದೆ, ಆಗ ಕೆಲಸ ಮಾಡಿದ್ದು ಕ್ಯಾಲ್ಸಿಯಮ್ಮೋ ಕ್ಷಾರವೋ ಹೇಳಲು ಬರುವುದಿಲ್ಲ.

ಈಗ ನಾಲ್ಕು ಬಾಟಲಿಗೂ ಒಂದೊಂದು ಲೀಟರ್ ಕೆಂಪು ನೀರು ಹಾಕಿ. ಮೊದಲನೆಯದಕ್ಕೆ ಏನೂ ಬೇಡ. ಎರಡನೆಯದಕ್ಕೆ 3 ಗ್ರಾಂ ಅಡುಗೆ ಉಪ್ಪು, ಅಂದರೆ ಹೆಚ್ಚುಕಮ್ಮಿ ಅರ್ಧ ಚಹಾ ಚಮಚ. ಮೂರನೆಯದಕ್ಕೆ 50 ಮಿಲೀ ಜಿಪ್ಸಂ ತಿಳಿ. ನಾಲ್ಕನೆಯದಕ್ಕೆ 3 ಮಿಲೀ ಪಟಿಕದ ದ್ರಾವಣ. ಮುಚ್ಚಳ ಹಾಕಿ ಒಂದು ನಿಮಿಷ ಜೋರಾಗಿ ಕುಲುಕಿ. ಆಮೇಲೆ ಹತ್ತು ನಿಮಿಷ ಮೆಲ್ಲಗೆ, ತಲೆಕೆಳಗು ಮಾಡಿ ನೆಟ್ಟಗೆ ಮಾಡುತ್ತ ಇರಿ. ಮತ್ತೆ ಇಟ್ಟುಬಿಡಿ.

ನಮ್ಮಲ್ಲಿ ಪಟಿಕದ ಬಾಟಲಿಯಲ್ಲಿ ಮೆಲ್ಲಗೆ ತಿರುಗಿಸುತ್ತಿರುವಾಗಲೇ ವ್ಯತ್ಯಾಸ ಕಂಡಿತು. ಮೊದಲು ನೀರು ಸಣ್ಣ ರವೆ ರವೆ ಆಯಿತು. ಬೆಳಕಿಗೆ ಹಿಡಿದರೆ ಆ ರವೆಗಳ ನಡುವಿನ ನೀರು ತಿಳಿ. ಹತ್ತು ನಿಮಿಷಕ್ಕೆ ರವೆಗಳು ಸೇರಿ ಹತ್ತಿಯ ಚೂರಿನಷ್ಟಾದವು. ಬಾಟಲಿ ಇಟ್ಟ ಮೇಲೆ ಒಂದೊಂದಾಗಿ ಇಳಿದವು. ಜಿಪ್ಸಂ ಮತ್ತು ಉಪ್ಪಿನ ಬಾಟಲಿಗಳಲ್ಲಿ ಗರಣೆ ಸಣ್ಣದು, ನಿಧಾನ. ಸಂಜೆಯ ಹೊತ್ತಿಗೆ ಅವೂ ತಿಳಿಯಾದವು. ಏನೂ ಹಾಕದ್ದು ಮಾತ್ರ ಹಾಗೇ ಕೆಂಪು.

ಇದರಿಂದ ಎರಡು ಸಂಗತಿ ಗೊತ್ತಾಯಿತು. ಭಾವನ ಪಟಿಕ ಸುಳ್ಳಲ್ಲ, ಅದೇ ಪುಡಿಯಿಂದ ದ್ರಾವಣ ಮಾಡಿದ್ದು. ಈ ಮಣ್ಣೂ ಹಟಮಾರಿಯಲ್ಲ.

3 ಗ್ರಾಂ ಎಲ್ಲಿ, 30 ಮಿಲಿಗ್ರಾಂ ಎಲ್ಲಿ

ದೋಷ ಹುಡುಕುವ ಮೊದಲು ಇಲ್ಲಿ ಸ್ವಲ್ಪ ನಿಲ್ಲಬೇಕು. ಅದೇ ಕೆಲಸಕ್ಕೆ ಉಪ್ಪು ಗ್ರಾಂ ಲೆಕ್ಕದಲ್ಲಿ ಬೇಕು, ಪಟಿಕ ಮಿಲಿಗ್ರಾಂ ಲೆಕ್ಕದಲ್ಲಿ ಸಾಕು. ಇದು ಗೊತ್ತಿದ್ದವರು ಬಾವಿಗೆ ಒಂದು ಕಿಲೋ ಸುರಿಯುವುದಿಲ್ಲ.

ಇದನ್ನು ಮೊದಲು ಅಳೆದು ತೋರಿಸಿದ್ದು ಶುಲ್ಝೆ ಎಂಬ ವಿಜ್ಞಾನಿ, 1882ರಲ್ಲಿ. 1900ರಲ್ಲಿ ಹಾರ್ಡಿ ಎಂಬ ಇನ್ನೊಬ್ಬ ವಿಜ್ಞಾನಿ ಇದಕ್ಕೆ ಗಟ್ಟಿ ರೂಪ ಕೊಟ್ಟರು. ಕಣದ ಚಾರ್ಜಿಗೆ ವಿರುದ್ಧವಾದ ಅಯಾನು ಮಾತ್ರ ಲೆಕ್ಕಕ್ಕೆ ಬರುತ್ತದೆ, ಆ ಅಯಾನಿನ ಚಾರ್ಜು ಜಾಸ್ತಿಯಾದಷ್ಟೂ ಬೇಕಾದ ಪ್ರಮಾಣ ತುಂಬಾ ಕಡಿಮೆಯಾಗುತ್ತದೆ ಎನ್ನುವುದು ನಿಯಮ. ಪಠ್ಯಪುಸ್ತಕಗಳಲ್ಲಿ ಬರುವ ಹಳೆಯ ಉದಾಹರಣೆ ಆರ್ಸೆನಿಕ್ ಸಲ್ಫೈಡಿನದು. ಅದೂ ನಮ್ಮ ಮಣ್ಣಿನ ಹಾಗೆ ಋಣ ಚಾರ್ಜಿನ ಕಲಿಲ. ಅದನ್ನು ಗರಣೆಗಟ್ಟಿಸಲು ಲೀಟರಿಗೆ ಸೋಡಿಯಂ ಕ್ಲೋರೈಡ್ 51 ಮಿಲಿಮೋಲ್ ಬೇಕು. ಕ್ಯಾಲ್ಸಿಯಂ ಕ್ಲೋರೈಡ್ 0.65. ಅಲ್ಯೂಮಿನಿಯಂ ಕ್ಲೋರೈಡ್ 0.093. ತೂಕಕ್ಕೆ ತಂದರೆ ಸುಮಾರು 3 ಗ್ರಾಂ, 72 ಮಿಲಿಗ್ರಾಂ, 12 ಮಿಲಿಗ್ರಾಂ. ನಮ್ಮ ಬಾಟಲಿಗಳ ಪ್ರಮಾಣ ಇಟ್ಟುಕೊಂಡಿದ್ದೂ ಇದನ್ನು ನೋಡಿಯೇ. 3 ಗ್ರಾಂ ಉಪ್ಪು 51 ಮಿಲಿಮೋಲ್, 50 ಮಿಲೀ ಜಿಪ್ಸಂ ತಿಳಿ ಸುಮಾರು 0.7, 30 ಮಿಲಿಗ್ರಾಂ ಪಟಿಕ ಸುಮಾರು 0.06.

ಅಲ್ಯೂಮಿನಿಯಮ್ಮಿಗೆ ಮೂರು ಚಾರ್ಜು, ಸೋಡಿಯಮ್ಮಿಗೆ ಒಂದು. ಬರೀ ಚಾರ್ಜು ಎಣಿಸಿದರೆ ಮೂರನೇ ಒಂದು ಭಾಗ ಸಾಕು ಎನ್ನಬೇಕಿತ್ತು. ಐನೂರನೇ ಒಂದು ಭಾಗ ಸಾಕಾಗುವುದು ಹೇಗೆ?

ಉತ್ತರ ಇರುವುದು ಕಣದ ಮೈ ಹತ್ತಿರ. ಅಯಾನುಗಳು ನೀರಿನಲ್ಲೆಲ್ಲ ಸಮನಾಗಿ ಹರಡಿರುವುದಿಲ್ಲ. ಕಣದ ಎಳೆತ ಅವನ್ನು ಹತ್ತಿರ ಸೇರಿಸುತ್ತದೆ, ಬಿಸಿಯ ಓಲಾಟ ಚದುರಿಸುತ್ತದೆ. ಕೋಣೆಯ ಉಷ್ಣತೆಯಲ್ಲಿ ಈ ಓಲಾಟದ ಬಲ ಒಂದು ಚಾರ್ಜಿಗೆ ಸುಮಾರು 25 ಮಿಲಿವೋಲ್ಟಿಗೆ ಸಮ. ಕಣದ ಮೈಯ ವಿಭವ ಅದರ ಮೂರು ಪಟ್ಟು, ಅಂದರೆ 75 ಮಿಲಿವೋಲ್ಟ್ ಎಂದು ಇಟ್ಟುಕೊಳ್ಳಿ. ಆಗ ಒಂದು ಚಾರ್ಜಿನ ಸೋಡಿಯಂ ಮೈ ಹತ್ತಿರ, ದೂರದ ನೀರಿಗಿಂತ ಸುಮಾರು 20 ಪಟ್ಟು ದಟ್ಟವಾಗಿರುತ್ತದೆ. ಎರಡು ಚಾರ್ಜಿನ ಕ್ಯಾಲ್ಸಿಯಂ 40 ಪಟ್ಟಲ್ಲ, 20ರ ವರ್ಗ, 400 ಪಟ್ಟು. ಮೂರು ಚಾರ್ಜಿನದು 20ರ ಘನ, 8,000 ಪಟ್ಟು. ಕೊಡಪಾನದ ತುಂಬ ಇರುವ ಅಲ್ಯೂಮಿನಿಯಂ ಬಹಳ ಕಡಿಮೆಯೇ. ಆದರೆ ಅದು ಹುಡುಕಿಕೊಂಡು ಹೋಗಿ ಬೇಕಾದ ಜಾಗದಲ್ಲೇ ತುಂಬಿಕೊಳ್ಳುತ್ತದೆ. ಸೋಡಿಯಂ ನೀರಿನಲ್ಲೆಲ್ಲ ತುಂಬಿ ತುಳುಕಿದರೆ ಮಾತ್ರ ಅಲ್ಲಿ ಅಷ್ಟು ಸೇರುತ್ತದೆ.

1940ರ ದಶಕದಲ್ಲಿ ಡೆರ್ಯಾಗಿನ್, ಲಂಡೌ ಒಂದು ಕಡೆ, ವೆರ್ವೆ, ಓವರ್‌ಬೀಕ್ ಇನ್ನೊಂದು ಕಡೆ, ಎಳೆತ ಮತ್ತು ತಳ್ಳಾಟ ಎರಡನ್ನೂ ಕೂಡಿಸಿ ಲೆಕ್ಕ ಹಾಕಿದರು. ಮೈಯ ಚಾರ್ಜು ಜೋರಾಗಿದ್ದರೆ ಬೇಕಾದ ಪ್ರಮಾಣ ಅಯಾನಿನ ಚಾರ್ಜಿನ ಆರನೇ ಘಾತಕ್ಕೆ ವಿಲೋಮ ಎಂದು ಬಂತು. ಅಂದರೆ ಎರಡು ಚಾರ್ಜಿಗೆ 64ನೇ ಒಂದು ಭಾಗ, ಮೂರಕ್ಕೆ 729ನೇ ಒಂದು ಭಾಗ. ಮೇಲಿನ ಆರ್ಸೆನಿಕ್ ಸಲ್ಫೈಡಿನ ಅಂಕಿಗಳಲ್ಲಿ 51ನ್ನು 0.65ರಿಂದ, 0.093ರಿಂದ ಭಾಗಿಸಿದರೆ ಬರುವುದು 78 ಮತ್ತು 548. ಸುಮಾರಾಗಿ ಸರಿಹೊಂದುತ್ತದೆ. ಮೈಯ ಚಾರ್ಜು ಸಪ್ಪೆಯಾಗಿದ್ದರೆ ಇದೇ ಲೆಕ್ಕ ಎರಡನೇ ಘಾತದ ಹತ್ತಿರ ಬರುತ್ತದೆ. ಆದ್ದರಿಂದ ಪುಸ್ತಕದ ಅಂಕಿ ಹಿಡಿದುಕೊಂಡು ಬಾವಿಗೆ ಪಟಿಕ ಹಾಕಬೇಡಿ. ಒಂದೊಂದು ಮಣ್ಣು ಒಂದೊಂದು ಥರ. ಬಾಟಲಿಯೇ ನಿಜ ಹೇಳುತ್ತದೆ.

ವಿರುದ್ಧ ಚಾರ್ಜಿನದು ಮಾತ್ರ ಲೆಕ್ಕಕ್ಕೆ ಎನ್ನುವುದನ್ನು ಮರೆಯಬಾರದು. ಪಟಿಕದಲ್ಲಿ ಸಲ್ಫೇಟ್ ಇದೆ, ಜಿಪ್ಸಮ್ಮಿನಲ್ಲೂ ಇದೆ. ಅದರ ಎರಡು ಋಣ ಚಾರ್ಜಿನಿಂದ ಮಣ್ಣಿಗೆ ಹೆಚ್ಚೇನೂ ಆಗುವುದಿಲ್ಲ. ಧನ ಚಾರ್ಜಿನ ಫೆರಿಕ್ ಹೈಡ್ರಾಕ್ಸೈಡ್ ಕಲಿಲಕ್ಕಾದರೆ ಕಥೆ ಉಲ್ಟಾ. ಅದಕ್ಕೆ ಪೊಟ್ಯಾಸಿಯಂ ಕ್ಲೋರೈಡ್ 9 ಮಿಲಿಮೋಲ್ ಬೇಕಾದರೆ ಪೊಟ್ಯಾಸಿಯಂ ಸಲ್ಫೇಟ್ 0.2 ಸಾಕು.

ಅಂದಹಾಗೆ, ಕಾಳಿ ನದಿಯ ಕೆಂಪು ನೀರು ಕಾರವಾರದ ಅಳಿವೆಯಲ್ಲಿ ಸಮುದ್ರ ಸೇರುವಾಗಲೂ ನಡೆಯುವುದು ಇದೇ. ಸಮುದ್ರದ ಲೀಟರ್ ನೀರಿನಲ್ಲಿ ಸೋಡಿಯಂ ಸುಮಾರು 470 ಮಿಲಿಮೋಲ್, ಮೆಗ್ನೀಸಿಯಂ 53, ಕ್ಯಾಲ್ಸಿಯಂ 10. ಇಪ್ಪತ್ತು ಪಾಲು ತೆಳುವಾದರೂ ಎರಡು ಚಾರ್ಜಿನವು 3 ಮಿಲಿಮೋಲ್ ಉಳಿಯುತ್ತವೆ. ಮಣ್ಣು ಗರಣೆಗಟ್ಟಲು ಅದು ಸಾಕು. ಸಮುದ್ರ ಉಪ್ಪು ಎಂದು ನಾವು ಸೋಡಿಯಮ್ಮಿಗೇ ಎಲ್ಲಾ ಹೆಸರು ಕೊಡುತ್ತೇವೆ. ಇಲ್ಲಿ ಮೆಗ್ನೀಸಿಯಮ್ಮಿನ ಪಾಲೂ ದೊಡ್ಡದು.

ಹಾಗಾದರೆ ಬಾವಿಯಲ್ಲಿ ಯಾಕೆ ಆಗಲಿಲ್ಲ?

ಅದೇ ಹಸಿ ನೀರಿಗೆ ಪಟಿಕದ ಪ್ರಮಾಣ ಏರಿಸುತ್ತ ಹೋಗಿ. ನಾವು ಲೀಟರಿಗೆ 1, 2, 3, 5, 10 ಮಿಲೀ ಹಾಕಿ ಸಾಲಾಗಿ ಇಟ್ಟೆವು. 1 ಮಿಲೀ ಹಾಕಿದ್ದು ಮಬ್ಬು. 2ರಲ್ಲಿ ಅರೆತಿಳಿ. 3ರಲ್ಲಿ ಚೊಕ್ಕ. 5ರಲ್ಲೂ ಪರವಾಗಿಲ್ಲ. 10ರದ್ದು ಮತ್ತೆ ಕೆಂಪು! ಗರಣೆಯೇ ಇಲ್ಲ. ಪಿಎಚ್ ಕಾಗದ ಅದ್ದಿದರೆ 4.5ರ ಹತ್ತಿರ.

ಬಾವಿಗೆ ಬಿದ್ದಿದ್ದು 9,400 ಲೀಟರಿಗೆ ಒಂದು ಕಿಲೋ. ಲೀಟರಿಗೆ ಸುಮಾರು 106 ಮಿಲಿಗ್ರಾಂ. ಅಂದರೆ ಸರಿಯಾಗಿ ಆ ಕೊನೆಯ ಬಾಟಲಿ. ಬೇಕಾಗಿದ್ದದ್ದು 280 ಗ್ರಾಂ.

ಸಾಲಿನ ನಡುವೆ ತಿಳಿ, ಎರಡೂ ತುದಿಯಲ್ಲಿ ಮಬ್ಬು ಕಂಡರೆ ದೋಷ ಅತಿಯಾಗಿ ಹಾಕಿದ್ದು. ಉಪ್ಪಿನಲ್ಲಿ, ಜಿಪ್ಸಮ್ಮಿನಲ್ಲಿ ಹೀಗಾಗುವುದಿಲ್ಲ. ಅವು ಜಾಸ್ತಿಯಾದರೂ ಗರಣೆ ಗರಣೆಯೇ. ಪಟಿಕದ ಅಲ್ಯೂಮಿನಿಯಂ ಬರೀ ಮೂರು ಚಾರ್ಜಿನ ಅಯಾನಾಗಿ ಸುಮ್ಮನೆ ಇರುವುದಿಲ್ಲ. ನೀರಿನ ಜೊತೆ ಕೂಡಿ ಹೈಡ್ರಾಕ್ಸೈಡಿನ ರೂಪಗಳಾಗಿ ಕಣದ ಮೈಗೇ ಅಂಟಿಕೊಳ್ಳುತ್ತದೆ. ಹದವಾಗಿದ್ದರೆ ಋಣ ಚಾರ್ಜು ಅಳಿಯುತ್ತದೆ. ಅತಿಯಾದರೆ ಮೈ ಧನ ಚಾರ್ಜಿಗೆ ತಿರುಗುತ್ತದೆ. ಎಲ್ಲ ಕಣಗಳೂ ಧನವಾದರೆ ಮತ್ತೆ ತಳ್ಳಾಟ ಶುರು. ಈಗ ವಿರುದ್ಧ ಅಯಾನು ಸಲ್ಫೇಟ್, ಅದಕ್ಕೆ ಎರಡು ಚಾರ್ಜು. ಹಾಗಾಗಿ ಪಟಿಕ ಸ್ವಲ್ಪ ಮಿಕ್ಕಿದರೆ ಅದೇ ಸಂಭಾಳಿಸುತ್ತದೆ. 5 ಮಿಲೀ ಬಾಟಲಿ ಕೆಡದೆ ಇದ್ದುದಕ್ಕೆ ಇದೂ ಒಂದು ಕಾರಣ ಇರಬಹುದು.

ಎರಡನೆಯ ಸಂಗತಿ ನಮ್ಮ ನೀರಿನದು. ಪಟಿಕ ಹೈಡ್ರಾಕ್ಸೈಡ್ ಆಗುವಾಗ ನೀರಿನಲ್ಲಿರುವ ಬೈಕಾರ್ಬೊನೇಟನ್ನು ತಿನ್ನುತ್ತದೆ. ಒಂದು ಮಿಲಿಗ್ರಾಂ ಪಟಿಕಕ್ಕೆ ಸುಮಾರು 0.32 ಮಿಲಿಗ್ರಾಂ ಕ್ಷಾರತೆ ಬೇಕು, ಕ್ಯಾಲ್ಸಿಯಂ ಕಾರ್ಬೊನೇಟಿನ ಲೆಕ್ಕದಲ್ಲಿ. ಚಿರೆಕಲ್ಲಿನ ಬಾವಿಯ ಮಳೆನೀರು ತೀರಾ ಮೆದು. ಲೀಟರಿಗೆ 20 ಮಿಲಿಗ್ರಾಂ ಇದೆ ಎಂದುಕೊಳ್ಳಿ. 30 ಮಿಲಿಗ್ರಾಂ ಪಟಿಕ ಸುಮಾರು 10 ತಿಂದು ಸುಮ್ಮನಾಗುತ್ತದೆ. 106 ಮಿಲಿಗ್ರಾಮಿಗೆ 34 ಬೇಕು. ಇರುವುದೇ 20. ಮುಗಿದ ಮೇಲೆ ನೀರು ಹುಳಿಯಾಗುತ್ತದೆ, ಅಲ್ಯೂಮಿನಿಯಂ ಗಸಿಯಾಗದೆ ಕರಗಿಯೇ ಉಳಿಯುತ್ತದೆ. ಬಾಯಿಗೆ ಬಂದ ಒಗರು ಅದೇ. ಪಟಿಕ ಚೆನ್ನಾಗಿ ಕೆಲಸ ಮಾಡುವುದು ಪಿಎಚ್ 6ರಿಂದ 7.5ರ ನಡುವೆ.

ಇವೆರಡರಲ್ಲಿ ಯಾವುದು ಎಂದು ನೋಡಲು ಕೆಟ್ಟ ಬಾಟಲಿಯನ್ನೇ ಎರಡು ಪಾಲು ಮಾಡಿ. ಒಂದಕ್ಕೆ ಸುಣ್ಣದ ತಿಳಿ ಲೀಟರಿಗೆ 10 ಮಿಲೀ ಲೆಕ್ಕದಲ್ಲಿ ಹಾಕಿ ಮೆಲ್ಲಗೆ ತಿರುಗಿಸಿ. ಇನ್ನೊಂದಕ್ಕೆ ಅದರ ಎರಡರಷ್ಟು ಹಸಿ ಕೆಂಪು ನೀರು ಸೇರಿಸಿ. ಸುಣ್ಣಕ್ಕೆ ತಿಳಿಯಾದರೆ ಕೊರತೆ ಕ್ಷಾರತೆಯದು. ಸುಣ್ಣಕ್ಕೆ ಜಗ್ಗದೆ ಹಸಿ ನೀರಿಗೆ ಮಾತ್ರ ತಿಳಿಯಾದರೆ ಚಾರ್ಜು ತಿರುಗಿದ್ದೇ ಮುಖ್ಯ ಕಾರಣ. ಧನ ಕಣಕ್ಕೆ ಋಣ ಕಣ ಸಿಕ್ಕಿ ಎರಡೂ ಒಟ್ಟಿಗೆ ಕೂರುತ್ತವೆ. ನಮ್ಮಲ್ಲಿ ಎರಡೂ ತಿಳಿಯಾದವು. ಅದು ಸಹಜವೇ, ಅತಿ ಪಟಿಕ ಎರಡೂ ತೊಂದರೆಯನ್ನು ಒಟ್ಟಿಗೇ ತರುತ್ತದೆ.

ಕೆಂಪು ನೀರಿಗೆ ಇನ್ನಷ್ಟು ಕೆಂಪು ನೀರು ಬೆರೆಸಿ ತಿಳಿ ಮಾಡುವುದನ್ನು ನೋಡಿ ಭಾವ, "ಇದೆಂಥ ಲೆಕ್ಕವೋ ಮಾರಾಯ" ಎಂದರು. ಆದರೆ ಮಾಡಿದ್ದು ಅದನ್ನೇ. 200 ಲೀಟರಿನ ಡ್ರಮ್ಮಿಗೆ ಬಾವಿಯ ನೀರು ಒಂದು ಪಾಲು, ಪಕ್ಕದ ಬಾವಿಯ ಹಸಿ ನೀರು ಎರಡು ಪಾಲು. ಪಟಿಕ ತಾನಾಗಿಯೇ ಲೀಟರಿಗೆ 35 ಮಿಲಿಗ್ರಾಮಿಗೆ ಇಳಿಯಿತು. ಕ್ಷಾರತೆಯೂ ಹಸಿ ನೀರಿನಿಂದ ಬಂತು. ಮರುದಿನ ಬೆಳಿಗ್ಗೆ ಡ್ರಮ್ಮಿನ ತಳದಲ್ಲಿ ಬೆರಳು ದಪ್ಪ ಮೆತ್ತನೆಯ ಗಸಿ, ಮೇಲೆ ತಿಳಿ.

ಉಳಿದ ಸಣ್ಣ ದೋಷಗಳು

ಬಾಟಲಿಯಲ್ಲಿ ಆಗುತ್ತದೆ, ಡ್ರಮ್ಮಿನಲ್ಲಿ ಆಗುವುದಿಲ್ಲ ಎಂದರೆ ಬೆರೆಸುವುದರಲ್ಲಿ ತೊಂದರೆ. ಪಟಿಕದ ಗಟ್ಟಿಯನ್ನು ಮುಳುಗಿಸಿ ಬಿಟ್ಟರೆ ಅದರ ಸುತ್ತ ಅತಿ, ದೂರದಲ್ಲಿ ಏನೂ ಇಲ್ಲ. ದ್ರಾವಣ ಮಾಡಿಯೇ ಹಾಕಿ. ಲೀಟರಿಗೆ 30 ಮಿಲಿಗ್ರಾಂ ಬೇಕಾದರೆ 200 ಲೀಟರಿಗೆ ಆ ದ್ರಾವಣ 600 ಮಿಲೀ. ಮೊದಲು ಒಂದು ನಿಮಿಷ ಕೋಲಿನಿಂದ ಜೋರಾಗಿ ಕಲಸಿ, ಆಮೇಲೆ ಹತ್ತು ಹದಿನೈದು ನಿಮಿಷ ನಿಧಾನ. ಗರಣೆ ಕಾಣಿಸಿದ ಮೇಲೂ ಜೋರಾಗಿ ತಿರುಗಿಸುತ್ತ ಇದ್ದರೆ ಅದು ಒಡೆದು ಪುಡಿಯಾಗುತ್ತದೆ, ಮತ್ತೆ ಮೊದಲಿನಷ್ಟು ದೊಡ್ಡದಾಗಿ ಕೂಡುವುದಿಲ್ಲ.

ಉಪ್ಪಿಗೂ ಜಿಪ್ಸಮ್ಮಿಗೂ ತಿಳಿಯಾಗದೆ, ಪಟಿಕದ ಆ ಸಾಲಿನ ಯಾವ ಪ್ರಮಾಣಕ್ಕೂ ಜಗ್ಗದ ನೀರೂ ಇರುತ್ತದೆ. ಕೊಳೆತ ಸೊಪ್ಪಿನ ಸಾರ ಮಣ್ಣಿನ ಕಣಕ್ಕೆ ಪದರದ ಹಾಗೆ ಅಂಟಿದರೆ ಹೀಗಾಗುತ್ತದೆ. ಆ ಪದರ ಕಣಗಳನ್ನು ಹತ್ತಿರ ಬಿಡುವುದಿಲ್ಲ, ಪಟಿಕವನ್ನೂ ತಾನೇ ಹಿಡಿದುಕೊಳ್ಳುತ್ತದೆ. ಆಗ ಪ್ರಮಾಣ ಎರಡು ಮೂರು ಪಟ್ಟು ಬೇಕಾಗಬಹುದು, ಸುಣ್ಣದ ತಿಳಿಯನ್ನೂ ಜೊತೆಗೆ ಕೊಡಬೇಕು. ಪಿಎಚ್ 6ಕ್ಕಿಂತ ಕೆಳಗೆ ಹೋಗದಂತೆ ಕಾಗದದಲ್ಲಿ ನೋಡುತ್ತ ಒಂದೊಂದು ಮಿಲೀ ಏರಿಸಿ. ಮೊದಲ ಸಾಲು 10 ಮಿಲೀಗೆ ನಿಲ್ಲಿಸಬೇಡಿ.

ತಿಳಿಯಾದ ನೀರು ಶುದ್ಧವಾಯಿತು ಎಂದಲ್ಲ. ಗಸಿಯ ಜೊತೆ ಸೂಕ್ಷ್ಮಜೀವಿಗಳು ಒಂದಷ್ಟು ಹೋಗುತ್ತವೆ, ಎಲ್ಲವೂ ಅಲ್ಲ. ಮೇಲಿನ ತಿಳಿಯನ್ನು ಬಟ್ಟೆಯಲ್ಲಿ ಸೋಸಿ, ಕುದಿಸಿಯೇ ಕುಡಿಯಿರಿ. ಉಪ್ಪು, ಜಿಪ್ಸಂ ಹಾಕಿದ ಪರೀಕ್ಷೆಯ ನೀರನ್ನು ಚೆಲ್ಲಿಬಿಡಿ. ಮಳೆ ಜೋರಾಗಿ ನೀರಿನ ಬಣ್ಣ ಬದಲಾದಾಗಲೆಲ್ಲ ಮೂರು ಬಾಟಲಿಯಲ್ಲಾದರೂ ಪ್ರಮಾಣ ಮತ್ತೆ ನೋಡಿಕೊಳ್ಳಬೇಕು. ಆರಿದ್ರೆಯಲ್ಲಿ ಸರಿಯಾಗಿದ್ದ 3 ಮಿಲೀ ಪುಷ್ಯದ ನೀರಿಗೆ ಹೊಂದಬೇಕು ಎಂದೇನಿಲ್ಲ.